ಟೆಲಿಗ್ರಾಮಿನ ಗಡುವು: ಹೋಗುವುದು ಯಾವುದು, ಉಳಿಯುವುದು ಯಾವುದು?



ಕಮಲಾಪುರದ ಕಡೆಯಿಂದ ತೊಗರಿಯನ್ನು ಕಲಬುರಗಿಯ ಗಂಜಿಗೆ ಕಳುಹಿಸುವ ನಿಮ್ಮಲ್ಲಿ ಕೆಲವರು ತೂಕದ ಚೀಟಿ, ಪಟ್ಟಿ, ಬಾಕಿಯ ಮಾತು ಎಲ್ಲವನ್ನೂ ಮೊಬೈಲಿನ ಟೆಲಿಗ್ರಾಮಿನಲ್ಲಿಯೇ ನಡೆಸುತ್ತಿದ್ದೀರಿ. ಸಂದೇಶಗಳು ತಾವಾಗಿಯೇ ಅಳಿದುಹೋಗುವಂತೆ ಗಡುವು ಇಡುವ ಏರ್ಪಾಡೊಂದು ಅದರಲ್ಲಿದೆ. ಗಡುವು ಇಟ್ಟ ಕೂಡಲೆ ಹಳೆಯದೆಲ್ಲ ಗುಡಿಸಿ ಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಹೇಗೆಂಬುದನ್ನು ಇಂದು ವಿವರಿಸುತ್ತೇನೆ.

ಗಡುವು ಎರಡು ಬಗೆಯದು. ಮೊದಲನೆಯದು ಒಂದೇ ಸಂಭಾಷಣೆಗೆ ಸೇರಿದ್ದು. ಆ ಸಂಭಾಷಣೆಯನ್ನು ತೆರೆದು, ಮೇಲಿನ ಮೂರು ಚುಕ್ಕೆಯನ್ನು ಒತ್ತಿ, Auto-Delete ಎಂಬುದನ್ನು ಆರಿಸಿ ಒಂದು ದಿನ, ಒಂದು ವಾರ, ಒಂದು ತಿಂಗಳು ಎಂದು ಗೊತ್ತುಮಾಡಬಹುದು. ಇಬ್ಬರ ಸಂಭಾಷಣೆಯಲ್ಲಿ ಯಾರು ಬೇಕಾದರೂ ಇದನ್ನು ಇಡಬಹುದು, ಗುಂಪಿನಲ್ಲಾದರೆ ಅದರ ಮೇಲ್ವಿಚಾರಕರು ಮಾತ್ರ. ಎರಡನೆಯದು 2022ರ ಡಿಸೆಂಬರಿನಲ್ಲಿ ಬಂದ ಸಾಮಾನ್ಯ ಗಡುವು. ಅದು Settings ಒಳಗಿನ Privacy and Security ಪುಟದಲ್ಲಿ Auto-Delete Messages ಎಂಬ ಹೆಸರಿನಿಂದ ಇರುತ್ತದೆ. ಮುಂದೆ ನೀವು ಹೊಸದಾಗಿ ಆರಂಭಿಸುವ ಸಂಭಾಷಣೆಗಳಿಗೆ ಅದು ಅನ್ವಯಿಸುತ್ತದೆ. ಈಗಾಗಲೇ ನಡೆಯುತ್ತಿರುವ ಸಂಭಾಷಣೆಗಳನ್ನು ಅದು ತಾನಾಗಿ ಮುಟ್ಟುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಮಲಾಪುರದ ರೈತರೊಬ್ಬರು ಗಂಜಿನ ಅಡತಿ ಅಂಗಡಿಗೆ 12 ಕ್ವಿಂಟಲ್ ತೊಗರಿ ಹಾಕಿದರೆನ್ನಿ. ಪಟ್ಟಿಯಂತೆ ಬರಬೇಕಾದ ಹಣ 84,000 ರೂಪಾಯಿ. ಅಡತಿಯವರು ಜನವರಿ 10ರಂದು ಪಟ್ಟಿಯ ಚಿತ್ರವನ್ನು ಟೆಲಿಗ್ರಾಮಿನಲ್ಲಿ ಕಳುಹಿಸಿ, 80,000 ರೂಪಾಯಿ ಕೊಟ್ಟರು. ಫೆಬ್ರುವರಿ 1ರಂದು ತಮ್ಮ ಮೊಬೈಲನ್ನು ಹಗುರ ಮಾಡಬೇಕೆಂದು ಈ ಸಂಭಾಷಣೆಗೆ ಒಂದು ವಾರದ ಗಡುವು ಇಟ್ಟರು. ಫೆಬ್ರುವರಿ 3ರಂದು, "ಉಳಿದ 4,000 ಮುಂದಿನ ತಿಂಗಳು ಕೊಡುತ್ತೇವೆ" ಎಂದು ಬರೆದರು.

ಈಗ ಏನಾಗುತ್ತದೆ? ಜನವರಿಯ ಪಟ್ಟಿ ಹಾಗೆಯೇ ಉಳಿಯುತ್ತದೆ. ಅದು ಗಡುವಿಗಿಂತ ಮುಂಚಿನದು. ಬಾಕಿಯನ್ನು ಒಪ್ಪಿದ ಮಾತು ಮಾತ್ರ ಫೆಬ್ರುವರಿ 10ರಂದು ಇಬ್ಬರ ಮೊಬೈಲಿನಿಂದಲೂ ಅಳಿದುಹೋಗುತ್ತದೆ. ರೈತರು ಅದನ್ನು ಓದಿದ್ದರೂ ಓದದಿದ್ದರೂ ಒಂದೇ. ಲೆಕ್ಕ ನಡೆಯುವುದು ಕಳುಹಿಸಿದ ಗಳಿಗೆಯಿಂದ. ಹಳೆಯದು ಹೋಯಿತೆಂದು ಅಡತಿಯವರು ತಿಳಿದರೆ ಅದೂ ತಪ್ಪು, ಹೊಸದು ಇದ್ದೇ ಇದೆಯೆಂದು ರೈತರು ತಿಳಿದರೆ ಅದೂ ತಪ್ಪು.

ಫೆಬ್ರುವರಿ 5ರಂದು ಗಡುವನ್ನು ಒಂದು ತಿಂಗಳಿಗೆ ಬದಲಾಯಿಸಿದರೆ 3ರ ಮಾತು ಉಳಿದೀತೇ? ಇಲ್ಲ. ಪ್ರತಿಯೊಂದು ಸಂದೇಶವೂ ತಾನು ಹೊರಟಾಗ ಇದ್ದ ಗಡುವನ್ನೇ ಹೊತ್ತುಕೊಂಡಿರುತ್ತದೆ. ಹೊಸ ಗಡುವು 5ರ ಮುಂದಿನ ಮಾತುಗಳಿಗೆ ಮಾತ್ರ.

ಇನ್ನು ಅಡತಿಯವರು ಸಾಮಾನ್ಯ ಗಡುವನ್ನಷ್ಟೇ ಇಟ್ಟಿದ್ದರೆ, ಮೊದಲಿನಿಂದ ನಡೆದು ಬಂದ ಈ ಸಂಭಾಷಣೆಯಲ್ಲಿ ಏನೂ ಅಳಿಯುತ್ತಿರಲಿಲ್ಲ. ಮರುದಿನ ಅವರು ರೈತರ ತಮ್ಮನಿಗೆ ಮೊದಲ ಬಾರಿಗೆ ಬರೆದರೆ, ಆ ಹೊಸ ಸಂಭಾಷಣೆಗೆ ಗಡುವು ತಾನಾಗಿ ಬರುತ್ತಿತ್ತು. ಹಳೆಯ ಸಂಭಾಷಣೆಗಳನ್ನೂ ಆರಿಸಿ ಸೇರಿಸಲು ಅದೇ ಪುಟದಲ್ಲಿ ಅವಕಾಶವಿದೆ. ಹಾಗೆ ಸೇರಿಸಿದರೂ ಗಡುವು ಅಂದಿನಿಂದ ಮುಂದಿನ ಮಾತುಗಳಿಗೇ ಹೊರತು, ಹಿಂದಿನ ರಾಶಿಗೆ ಅಲ್ಲ. ಹಿಂದಿನದನ್ನು ತೆಗೆಯಬೇಕಾದರೆ Clear History ಎಂಬುದರಿಂದ ಕೈಯಾರೆ ಅಳಿಸಬೇಕು. ಇಬ್ಬರ ಸಂಭಾಷಣೆಯಲ್ಲಿ ಆಗ ಎದುರಿನವರ ಕಡೆಯಿಂದಲೂ ಅಳಿಸಬೇಕೇ ಎಂದು ಕೇಳುತ್ತದೆ. ಉತ್ತರ ಕೊಡುವ ಮೊದಲು ಯೋಚಿಸಿ.

ಗಡುವು ಇದೆಯೆಂದು ತಿಳಿಯುವುದು ಹೇಗೆ? ಯಾರಾದರೂ ನಡೆಯುತ್ತಿರುವ ಸಂಭಾಷಣೆಗೆ ಗಡುವು ಇಟ್ಟರೆ, ಅದರ ನಡುವೆಯೇ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಬೀಳುತ್ತದೆ. ಅದನ್ನು ಕಂಡ ದಿನವೇ ಒಂದು ಗೆರೆ ಎಳೆದಂತೆ ಭಾವಿಸಿರಿ: ಗೆರೆಯ ಮೇಲಿನದು ಉಳಿಯುವುದು, ಕೆಳಗಿನದು ಹೋಗುವುದು. ಕೆಳಗಿನವುಗಳಲ್ಲಿ ಹಣದ ಮಾತಿದ್ದರೆ ಗಡುವು ಮುಗಿಯುವ ಮುನ್ನ ತಾರೀಖು ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ. ಪಟ್ಟಿಯ ಚಿತ್ರವನ್ನು ಮೊಬೈಲಿನ ಗ್ಯಾಲರಿಗೆ ಇಳಿಸಿಕೊಳ್ಳಿ. ಹೀಗೆ ತೆಗೆದಿಟ್ಟ ಪ್ರತಿಯನ್ನು ಟೆಲಿಗ್ರಾಮಿನ ಗಡುವು ಮುಟ್ಟಲಾರದು. ಇದೇ ಕಾರಣದಿಂದ, ಗಡುವು ಇಟ್ಟವರೂ ತಮ್ಮ ಮಾತು ಎಲ್ಲಿಯೂ ಉಳಿದಿಲ್ಲವೆಂದು ನಂಬತಕ್ಕದ್ದಲ್ಲ.

ಬಾಕಿಯ ಮೊತ್ತವನ್ನಂತೂ ತಾರೀಖು ಸಹಿತ ಖಾತೆ ಪುಸ್ತಕದಲ್ಲಿ ಬರೆಸಿ, ಅಡತಿಯವರ ಸಹಿ ಪಡೆಯಿರಿ. ಆ ಹಾಳೆಗೆ ಒಂದು ವಾರದ ಗಡುವು ಇರುವುದಿಲ್ಲ.