ಹಲವು ಪಟ್ಟಿ, ಒಂದೇ ಆಯವ್ಯಯ: ಆಂತರಿಕ ವರ್ಗಾವಣೆಯನ್ನು ಎರಡು ಬಾರಿ ಎಣಿಸದಿರುವ ಬಗೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆಯವ್ಯಯ ಸಭೆಯಲ್ಲಿ ತಮ್ಮ ಮುಂದೆ ಬರುವ ಅಂದಾಜು ಸಾಮಾನ್ಯವಾಗಿ ಹಲವು ಪಟ್ಟಿಗಳನ್ನು ಕೂಡಿಸಿ ಸಿದ್ಧಪಡಿಸಿದ್ದಾಗಿರುತ್ತದೆ. ಹಾಗೆ ಕೂಡಿಸುವಾಗ ನುಸುಳುವ ಒಂದು ತಪ್ಪನ್ನು ಕುರಿತು ಮಾತ್ರ ಇಂದು ಮಾತನಾಡುತ್ತೇನೆ. ಉಳಿಕೆ ಸರಿಯಾಗಿದ್ದರೂ ಈ ತಪ್ಪು ಇರಬಹುದು. ಆದ್ದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದು ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯ ಆಡಳಿತ, ಕುಡಿಯುವ ನೀರು ಮತ್ತು ಕಸ ವಿಲೇವಾರಿ ಎಂಬ ಮೂರು ಪಟ್ಟಿಗಳಿವೆ ಎಂದು ಭಾವಿಸೋಣ. ವಿವರಣೆ ಸರಳವಾಗಲೆಂದು ಸರ್ಕಾರದ ಅನುದಾನವನ್ನು ಹೊರಗಿಟ್ಟು ಸ್ವಂತ ಸಂಪನ್ಮೂಲವನ್ನಷ್ಟೇ ಪರಿಗಣಿಸಿದ್ದೇನೆ.

ಸಾಮಾನ್ಯ ಪಟ್ಟಿಗೆ ಮನೆ ಕಂದಾಯ, ಪರವಾನಗಿ ಶುಲ್ಕ ಮತ್ತು ಮಳಿಗೆ ಬಾಡಿಗೆಯಿಂದ 30 ಲಕ್ಷ ರೂಪಾಯಿ ಬರುತ್ತದೆ. ಕಚೇರಿ ವೆಚ್ಚ ಹಾಗೂ ವೇತನಕ್ಕೆ 19 ಲಕ್ಷ ಬೇಕು. ನೀರಿನ ಶುಲ್ಕ ಸಾಲದ ಕಾರಣ ನೀರಿನ ಪಟ್ಟಿಗೆ 6 ಲಕ್ಷವನ್ನೂ, ಕಸ ವಿಲೇವಾರಿಗೆ 4 ಲಕ್ಷವನ್ನೂ ಇಲ್ಲಿಂದಲೇ ಕೊಡಲಾಗುತ್ತದೆ. ನೀರಿನ ಪಟ್ಟಿಗೆ ಶುಲ್ಕದಿಂದ 8 ಲಕ್ಷ ಬರುತ್ತದೆ; ವಿದ್ಯುತ್ ಬಿಲ್ಲು, ನೀರುಗಂಟಿಗಳ ವೇತನ ಮತ್ತು ದುರಸ್ತಿಗೆ 12.5 ಲಕ್ಷ ಹೋಗುತ್ತದೆ. ಕರವಸೂಲಿಗಾರರು ನೀರಿನ ಶುಲ್ಕವನ್ನೂ ವಸೂಲು ಮಾಡುವುದರಿಂದ, ಅವರ ವೇತನದ ಪಾಲೆಂದು 1 ಲಕ್ಷವನ್ನು ನೀರಿನ ಪಟ್ಟಿಯು ಸಾಮಾನ್ಯ ಪಟ್ಟಿಗೆ ಕೊಡುತ್ತದೆ. ಕಸದ ಶುಲ್ಕ 3 ಲಕ್ಷ, ವೆಚ್ಚ 7 ಲಕ್ಷ.

ಮೂರನ್ನೂ ಇದ್ದಂತೆಯೇ ಕೂಡಿಸಿದರೆ ಚಿತ್ರ ಹೀಗಿರುತ್ತದೆ:

ಸಾಮಾನ್ಯ: ಜಮಾ 31 ಲಕ್ಷ, ಖರ್ಚು 29 ಲಕ್ಷ
ಕುಡಿಯುವ ನೀರು: ಜಮಾ 14 ಲಕ್ಷ, ಖರ್ಚು 13.5 ಲಕ್ಷ
ಕಸ ವಿಲೇವಾರಿ: ಜಮಾ 7 ಲಕ್ಷ, ಖರ್ಚು 7 ಲಕ್ಷ
ಒಟ್ಟು: ಜಮಾ 52 ಲಕ್ಷ, ಖರ್ಚು 49.5 ಲಕ್ಷ, ಉಳಿಕೆ 2.5 ಲಕ್ಷ

ಆದರೆ ಊರಿನ ಜನರಿಂದ ನಿಜವಾಗಿ ಬಂದದ್ದು 30, 8 ಮತ್ತು 3 ಸೇರಿ 41 ಲಕ್ಷ ಮಾತ್ರ. ಹೆಚ್ಚುವರಿ 11 ಲಕ್ಷವು ಪಂಚಾಯಿತಿಯ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ 6, 4 ಮತ್ತು 1 ಲಕ್ಷಗಳ ಮೊತ್ತ. ಅದನ್ನು ಜಮಾ ಮತ್ತು ಖರ್ಚು ಎರಡರಿಂದಲೂ ಕಳೆದರೆ ಜಮಾ 41 ಲಕ್ಷ, ಖರ್ಚು 38.5 ಲಕ್ಷ, ಉಳಿಕೆ ಮತ್ತೆ ಅದೇ 2.5 ಲಕ್ಷ. ಎರಡು ಕಡೆಯೂ ಸಮನಾಗಿ ಉಬ್ಬಿರುವುದರಿಂದ ಉಳಿಕೆ ಬದಲಾಗುವುದಿಲ್ಲ. ಉಳಿಕೆಯನ್ನಷ್ಟೇ ನೋಡಿ ಅನುಮೋದನೆ ನೀಡುವ ಸಭೆಗೆ ಈ ದೋಷ ತಿಳಿಯುವುದೇ ಇಲ್ಲ.

ಉಳಿಕೆ ಒಂದೇ ಆದರೆ ನಷ್ಟವೇನು ಎಂದು ತಾವು ಕೇಳಬಹುದು. ಸ್ವಂತ ಆದಾಯದ ಮೇಲೆ ಶೇಕಡಾವಾರು ಮೀಸಲಿಡುವ ಹಣವನ್ನು ನೆನೆಯಿರಿ. ನೂರಕ್ಕೆ 5ರಂತೆ ಲೆಕ್ಕ ಹಾಕಿದರೆ 41 ಲಕ್ಷಕ್ಕೆ 2.05 ಲಕ್ಷ, 52 ಲಕ್ಷಕ್ಕೆ 2.6 ಲಕ್ಷ. ಇಲ್ಲದ ಆದಾಯದ ಮೇಲೆ 55 ಸಾವಿರ ರೂಪಾಯಿಯ ಭರವಸೆ ಕೊಟ್ಟಂತಾಗುತ್ತದೆ. ವರ್ಷಾಂತ್ಯದಲ್ಲಿ ಅದನ್ನು ಪೂರೈಸಲಾಗದೆ ಉತ್ತರ ಹೇಳಬೇಕಾದವರು ತಾವೇ.

ಇದಕ್ಕೆ ಪರಿಹಾರ ಹೀಗಿದೆ. ಪ್ರತಿ ಪಟ್ಟಿಯಲ್ಲಿಯೂ ಒಳಗಿನ ಕೊಡು-ಕೊಳ್ಳುವಿಕೆಯನ್ನು ಬೇರೆ ವೆಚ್ಚದೊಳಗೆ ಬೆರೆಸದೆ, ‘ಆಂತರಿಕ ವರ್ಗಾವಣೆ’ ಎಂಬ ಪ್ರತ್ಯೇಕ ಸಾಲಿನಲ್ಲಿ, ಯಾವ ಪಟ್ಟಿಗೆ ಅಥವಾ ಯಾವ ಪಟ್ಟಿಯಿಂದ ಎಂಬ ಹೆಸರಿನೊಡನೆ ಬರೆಯಿಸಬೇಕು. ‘ನಿರ್ವಹಣಾ ವೆಚ್ಚ’ದೊಳಗೆ ಅಡಗಿದ 6 ಲಕ್ಷವನ್ನು ಆಮೇಲೆ ಹುಡುಕುವುದು ಕಷ್ಟ. ಬಳಿಕ ಕೊಟ್ಟವರ ಸಾಲನ್ನು ಪಡೆದವರ ಸಾಲಿನೊಡನೆ ಜೋಡಿ ಜೋಡಿಯಾಗಿ ತಾಳೆ ನೋಡಬೇಕು. ಎಲ್ಲ ಜೋಡಿಗಳೂ ಸಮನಾದ ಮೇಲೆಯೇ ಕಳೆಯಬೇಕು.

ತಾಳೆಯಾಗದಿದ್ದರೆ? ಸಾಮಾನ್ಯ ಪಟ್ಟಿಯು 6 ಲಕ್ಷ ಕೊಡುವುದೆಂದು ಬರೆದು, ನೀರಿನ ಪಟ್ಟಿಯು ಹಿಂದಿನ ವರ್ಷದಂತೆ 5 ಲಕ್ಷ ಬರುವುದೆಂದು ಬರೆದಿದೆ ಎನ್ನೋಣ. ಆಗ ಒಟ್ಟು ಉಳಿಕೆ 1.5 ಲಕ್ಷಕ್ಕೆ ಇಳಿಯುತ್ತದೆ. 1 ಲಕ್ಷ ಎಲ್ಲಿಯೂ ಖರ್ಚಾಗದೆ ಕಾಗದದಲ್ಲಿ ಮಾಯವಾಗುತ್ತದೆ. ಇಂಥಲ್ಲಿ ಎರಡೂ ಸಾಲುಗಳನ್ನು ಸುಮ್ಮನೆ ಹೊಡೆದುಹಾಕಬಾರದು. ಯಾವ ಮೊತ್ತ ಸರಿಯೆಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರೊಡನೆ ತೀರ್ಮಾನಿಸಿ, ತಪ್ಪಿದ ಪಟ್ಟಿಯನ್ನು ತಿದ್ದಿಸಬೇಕು.

ಎರಡು ಎಚ್ಚರಿಕೆಗಳು. ಮೊದಲನೆಯದು, ಕಳೆಯುವುದು ಕ್ರೋಡೀಕೃತ ಆಯವ್ಯಯದಲ್ಲಿ ಮಾತ್ರ. ಬಿಡಿ ಪಟ್ಟಿಗಳಲ್ಲಿ ವರ್ಗಾವಣೆ ಉಳಿದಿರಬೇಕು. ನೀರಿನ ಶುಲ್ಕದ 8 ಲಕ್ಷದಿಂದ 13.5 ಲಕ್ಷದ ವೆಚ್ಚ ತೂಗುವುದಿಲ್ಲವೆಂಬ ಸತ್ಯ ಅಲ್ಲಿಯೇ ಕಾಣುವುದು. ಎರಡನೆಯದು, ಹೊರಗೆ ಹೋಗುವ ಹಣವನ್ನು ಆಂತರಿಕವೆಂದು ಕಳೆಯಬಾರದು. ವಿದ್ಯುತ್ ಕಂಪನಿಗೆ ಕಟ್ಟುವ ಬಿಲ್ಲು ನಿಜವಾದ ಖರ್ಚು. ಹಾಗೆಯೇ ಜಿಲ್ಲಾ ಪಂಚಾಯಿತಿಯಿಂದ ಬರುವ ಅನುದಾನ ತಮ್ಮ ಪಂಚಾಯಿತಿಗೆ ನಿಜವಾದ ಜಮಾ. ಇಡೀ ಜಿಲ್ಲೆಯ ಎಲ್ಲ ಪಂಚಾಯಿತಿಗಳ ಲೆಕ್ಕವನ್ನು ಒಂದಾಗಿ ಕೂಡಿಸಿದಾಗ ಮಾತ್ರ ಅದೇ ಮೊತ್ತ ಆಂತರಿಕವಾಗುತ್ತದೆ. ಯಾವ ಸಂಸ್ಥೆಯ ಆಯವ್ಯಯ ಎಂಬುದನ್ನು ಮೊದಲು ನಿಶ್ಚಯಿಸಿದರೆ, ಯಾವುದು ಒಳಗಿನದು, ಯಾವುದು ಹೊರಗಿನದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮುಂದಿನ ಆಯವ್ಯಯ ಸಭೆಯಲ್ಲಿ ತಾವು ಒಂದೇ ಪ್ರಶ್ನೆ ಕೇಳಿದರೂ ಸಾಕು: “ಈ ಒಟ್ಟು ಜಮಾದಲ್ಲಿ ಹೊರಗಿನಿಂದ ಬರುವುದೆಷ್ಟು?” ಆ ಉತ್ತರವೂ ಕ್ರೋಡೀಕೃತ ಜಮಾ ಮೊತ್ತವೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ, ಅನುಮೋದನೆಗೆ ಮುನ್ನ ವರ್ಗಾವಣೆಯ ಜೋಡಿಗಳ ಪಟ್ಟಿಯನ್ನು ತರಿಸಿ ನೋಡಿರಿ.