ಛಾಯಾಚಿತ್ರದಲ್ಲೊಂದು ಸರ್ಕ್ಯೂಟ್ ಬೋರ್ಡು



ಈಗ ಪರದೆಯ ಮೇಲೆ ಕಾಣುತ್ತಿರುವುದು ಒಂದು ಸರ್ಕ್ಯೂಟ್ ಬೋರ್ಡಿನ ಛಾಯಾಚಿತ್ರ. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೇ ಕಟ್ಟಿದ್ದ ಬೋರ್ಡು ಇದು. ಸೆಕೆಂಡಿಗೆ ಒಂದರಂತೆ 0ಯಿಂದ 9ರವರೆಗೆ ಎಣಿಸುವುದು, ಆ ಅಂಕಿಯನ್ನು ಕೆಂಪು ಬೆಳಕಿನಲ್ಲಿ ತೋರಿಸುವುದು ಇದರ ಕೆಲಸ. ಕೆಲವು ವರ್ಷ ಸರಿಯಾಗಿಯೇ ಎಣಿಸಿತು. ಆಮೇಲೆ ಒಂದು ದಿನ 3 ಆದ ಮೇಲೆ 7, 7 ಆದ ಮೇಲೆ 0, ಹೀಗೆ ಮನಬಂದಂತೆ ಅಂಕಿ ತೋರಿಸತೊಡಗಿತು. ಎಣಿಸುವ ಚಿಪ್ಪೇ ಕೆಟ್ಟಿದೆ ಎಂದು ಹುಡುಗರು ಅದನ್ನು ಎರಡು ಸಲ ಬದಲಾಯಿಸಿದರು. ಪ್ರಯೋಜನವಾಗಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಅದು ಈ ಛಾಯಾಚಿತ್ರದಲ್ಲೇ ಕಾಣುತ್ತಿದೆ. ಹೇಗೆ ಕಂಡುಹಿಡಿಯುವುದು? ವಿದ್ಯುತ್ತು ಬೋರ್ಡಿನೊಳಗೆ ಬರುವ ಕಡೆಯಿಂದ ನೋಡುತ್ತಾ ಹೋಗೋಣ.

ಎಡತುದಿಯಲ್ಲಿ ಎರಡು ತಂತಿಗಳಿವೆ. ಟ್ರಾನ್ಸ್‌ಫಾರ್ಮರ್ ಚಿತ್ರದ ಆಚೆಗಿದೆ. ಅದು ಮನೆಯ 230 ವೋಲ್ಟನ್ನು 9 ವೋಲ್ಟಿಗೆ ಇಳಿಸಿ ಈ ತಂತಿಗಳ ಮೂಲಕ ಕಳುಹಿಸುತ್ತದೆ. ಇದು ಇನ್ನೂ ಪರ್ಯಾಯ ವಿದ್ಯುತ್ತು. ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಲೇ ಇರುತ್ತದೆ. ಚಿಪ್ಪುಗಳಿಗೆ ಬೇಕಾದದ್ದು ಒಂದೇ ದಿಕ್ಕಿನ, ಏರಿಳಿತವಿಲ್ಲದ 5 ವೋಲ್ಟು.

ತಂತಿಗಳ ಪಕ್ಕದಲ್ಲೇ ನಾಲ್ಕು ಕಪ್ಪು ಕಡ್ಡಿಗಳಂಥ ಬಿಡಿಭಾಗಗಳಿವೆ. ಒಂದೊಂದರ ಒಂದು ತುದಿಯಲ್ಲಿ ಬೆಳ್ಳಿಬಣ್ಣದ ಉಂಗುರವಿದೆ. ಬೋರ್ಡಿನ ಮೇಲೆ D1ರಿಂದ D4ರವರೆಗೆ ಅಚ್ಚಾಗಿದೆ. D ಎಂದರೆ ಡಯೋಡು. ಮೈಮೇಲೆ 1N4007 ಎಂದಿದೆ. ಡಯೋಡು ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತದೆ. ಉಂಗುರವಿರುವ ತುದಿ ಕ್ಯಾಥೋಡು. ವಿದ್ಯುತ್ ಪ್ರವಾಹ ಉಂಗುರದ ಕಡೆಯಿಂದ ಹೊರಬರುತ್ತದೆ, ಆ ಕಡೆಯಿಂದ ಒಳಗೆ ಹೋಗಲಾರದು. ನಾಲ್ಕನ್ನು ಸೇತುವೆಯಂತೆ ಜೋಡಿಸಿದಾಗ, ವಿದ್ಯುತ್ತು ಯಾವ ದಿಕ್ಕಿನಲ್ಲಿ ಬಂದರೂ ಅದು ಹೊರಹೋಗುವುದು ಒಂದೇ ದಿಕ್ಕಿನಲ್ಲಿ. 9 ವೋಲ್ಟಿನ ಅಲೆಯ ಶಿಖರ 12.7 ವೋಲ್ಟು. ಪ್ರತಿ ಸಲವೂ ಎರಡು ಡಯೋಡುಗಳನ್ನು ದಾಟಬೇಕು; ಒಂದೊಂದರಲ್ಲಿ ಸುಮಾರು 0.7 ವೋಲ್ಟು ಕಳೆದರೆ ಉಳಿಯುವುದು 11.3 ವೋಲ್ಟು. ಆದರೆ ಇದು ಸಮನಾದ 11.3 ಅಲ್ಲ. ಸೆಕೆಂಡಿಗೆ 100 ಸಲ ಸೊನ್ನೆಯಿಂದ ಶಿಖರಕ್ಕೆ ಏರಿ, ಮತ್ತೆ ಸೊನ್ನೆಗೆ ಇಳಿಯುತ್ತದೆ.

ಈ ತಗ್ಗುಗಳನ್ನು ತುಂಬುವುದು ಮುಂದಿನ ಬಿಡಿಭಾಗ. ನೀಲಿ ಕವಚದ, ಪುಟ್ಟ ಡಬ್ಬಿಯಂಥ ಇದರ ಪಕ್ಕದಲ್ಲಿ C1 ಎಂದಿದೆ. C ಎಂದರೆ ಕೆಪಾಸಿಟರ್, ನಿಮ್ಮ ಪಠ್ಯಪುಸ್ತಕದ ಧಾರಕ. ಇದು ಎಲೆಕ್ಟ್ರೋಲಿಟಿಕ್ ಜಾತಿಯದು. ಒಳಗೆ ಒಂದು ದ್ರಾವಣವಿರುತ್ತದೆ. ಮೈಮೇಲೆ 1000 ಮೈಕ್ರೋಫ್ಯಾರಡ್, 25 ವೋಲ್ಟ್ ಎಂದು ಬರೆದಿದೆ. ನಲ್ಲಿಯಲ್ಲಿ ನೀರು ಬಿಟ್ಟುಬಿಟ್ಟು ಬಂದರೂ ಮನೆಯ ತೊಟ್ಟಿಯಿಂದ ನೀರು ಒಂದೇ ಸಮನೆ ಸಿಗುವುದಿಲ್ಲವೇ? ಹಾಗೆಯೇ ಶಿಖರ ಬಂದಾಗ ಇದು ತುಂಬಿಕೊಳ್ಳುತ್ತದೆ, ತಗ್ಗು ಬಂದಾಗ ತನ್ನಲ್ಲಿರುವುದನ್ನು ಕೊಡುತ್ತದೆ. ಈ ಬೋರ್ಡು ಸುಮಾರು 100 ಮಿಲಿ ಆಂಪಿಯರ್ ಬಳಸುತ್ತದೆ. ಎರಡು ಶಿಖರಗಳ ನಡುವಿನ ಕಾಲ 10 ಮಿಲಿಸೆಕೆಂಡು. ಪ್ರವಾಹವನ್ನು ಕಾಲದಿಂದ ಗುಣಿಸಿ ಧಾರಕತೆಯಿಂದ ಭಾಗಿಸಿ: 0.1 × 0.01 ÷ 0.001. ಉತ್ತರ 1 ವೋಲ್ಟು. ಅಂದರೆ ಒತ್ತಡ ಸುಮಾರು 11.3ರಿಂದ 10.3ರವರೆಗೆ ಮಾತ್ರ ಇಳಿಯುತ್ತದೆ.

C1ನ ಪಕ್ಕದಲ್ಲಿ, ಅದಕ್ಕೆ ತಾಗಿಕೊಂಡೇ, ಮೂರು ಕಾಲಿನ, ಲೋಹದ ಬೆನ್ನಿನ 7805 ನಿಂತಿದೆ. ಇದೂ ಒಂದು ಚಿಪ್ಪೇ. ಒಳಗೆ ಬಂದದ್ದು 10 ಆಗಲಿ, 11 ಆಗಲಿ, ಇದು 5 ವೋಲ್ಟನ್ನೇ ಕೊಡುತ್ತದೆ. ಆದರೆ ಒಂದು ಷರತ್ತಿದೆ: ಒಳಗೆ ಕನಿಷ್ಠ ಸುಮಾರು 7 ವೋಲ್ಟಾದರೂ ಇರಬೇಕು.

ಬಲಭಾಗದಲ್ಲಿ ಕಂಬಳಿಹುಳುವಿನಂತೆ ಸಾಲುಗಾಲಿನ ಮೂರು ಕಪ್ಪು ಚಿಪ್ಪುಗಳಿವೆ. ಹೊರನೋಟಕ್ಕೆ ಒಂದೇ ಬಗೆ. ಆದ್ದರಿಂದ ಮೈಮೇಲಿನ ಬರಹ ಓದಬೇಕು. 8 ಕಾಲಿನ NE555 ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. 14 ಕಾಲಿನ 74LS90 ಆ ಮಿಡಿತಗಳನ್ನು ಎಣಿಸುತ್ತದೆ. 16 ಕಾಲಿನ 74LS47 ಎಣಿಕೆಯನ್ನು ಅಂಕಿಯ ರೂಪಕ್ಕೆ ತಿರುಗಿಸಿ ದೀಪಗಳನ್ನು ಹೊತ್ತಿಸುತ್ತದೆ. ಬರಹದ ಕೆಳಗೆ 9235 ಎಂಬಂಥ ಇನ್ನೊಂದು ಸಂಖ್ಯೆ ಕಂಡರೆ ಅದನ್ನು ಚಿಪ್ಪಿನ ಹೆಸರೆಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ತಯಾರಾದ ಕಾಲ: 1992ನೆಯ ಇಸವಿಯ 35ನೆಯ ವಾರ. ಚಿಪ್ಪಿನ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ. ಅದನ್ನು ಮೇಲಕ್ಕೆ ಹಿಡಿದರೆ ಎಡಗಡೆ ಮೇಲಿನದು ಒಂದನೆಯ ಕಾಲು. ಅಲ್ಲಿಂದ ಎಡಸಾಲಿನಲ್ಲಿ ಇಳಿದು, ಬಲಸಾಲಿನಲ್ಲಿ ಹತ್ತುತ್ತಾ ಎಣಿಸಬೇಕು.

ಪ್ರತಿ ಚಿಪ್ಪಿನ ಹತ್ತಿರ ಕಡಲೆಬೇಳೆಯಷ್ಟು ದೊಡ್ಡ ಕಂದು ಬಿಲ್ಲೆಯಿದೆ, ಅದರ ಮೇಲೆ 104 ಎಂದಿದೆ. ಇವೂ ಕೆಪಾಸಿಟರುಗಳೇ, ಸೆರಾಮಿಕ್ ಜಾತಿಯವು. 104 ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪೈಕೋಫ್ಯಾರಡ್, ಅಂದರೆ 0.1 ಮೈಕ್ರೋಫ್ಯಾರಡ್. ಚಿಪ್ಪು ಸ್ಥಿತಿ ಬದಲಿಸುವ ಕ್ಷಣದಲ್ಲಿ ಒಮ್ಮೆಲೇ ಬೇಕಾಗುವ ವಿದ್ಯುತ್ತನ್ನು ಹತ್ತಿರದಿಂದಲೇ ಒದಗಿಸುವುದು ಇವುಗಳ ಕೆಲಸ. C1 ದೊಡ್ಡ ತೊಟ್ಟಿಯಾದರೆ ಇವು ಕೈಗೆಟಕುವ ಚೊಂಬುಗಳು.

ಈಗ C1ನ ತಲೆಯನ್ನು ಗಮನಿಸಿ. ಅಲ್ಲಿ ಗೀರಿದ ಗುರುತಿದೆ. ಒಳಗೆ ಒತ್ತಡ ಹೆಚ್ಚಾದರೆ ಅಲ್ಲಿಂದ ಬಿಡುಗಡೆಯಾಗಲಿ ಎಂದು ಮಾಡಿದ ಏರ್ಪಾಡು. ತಲೆ ಚಪ್ಪಟೆಯಾಗಿರಬೇಕು. ಇಲ್ಲಿ ಪೂರಿಯಂತೆ ಉಬ್ಬಿದೆ. 7805ನ ಬಿಸಿ ಬೆನ್ನಿಗೆ ತಾಗಿಕೊಂಡಿದ್ದರಿಂದ ವರ್ಷಗಟ್ಟಲೆ ಕಾದು, ಒಳಗಿನ ದ್ರಾವಣ ಒಣಗಿದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಇಂಥ ಕೆಪಾಸಿಟರಿನ ಆಯುಸ್ಸು ಅರ್ಧವಾಗುತ್ತದೆಂಬುದು ಒಂದು ಅಂದಾಜು ಲೆಕ್ಕ.

ಅದನ್ನು ತೆಗೆದು ಅಳೆದಾಗ 1000ದ ಬದಲು ಸುಮಾರು 100 ಮೈಕ್ರೋಫ್ಯಾರಡ್ ಮಾತ್ರ ಉಳಿದಿತ್ತು. ಈಗ ಒತ್ತಡ ಒಂದೊಂದು ಮಿಲಿಸೆಕೆಂಡಿಗೆ 1 ವೋಲ್ಟಿನಂತೆ ಇಳಿಯುತ್ತದೆ. ನಾಲ್ಕೂಕಾಲು ಮಿಲಿಸೆಕೆಂಡಿನಲ್ಲೇ 7ಕ್ಕೆ ಬಂದು, ಇನ್ನೂ ಕೆಳಗಿಳಿಯುತ್ತದೆ. ಆಗ 7805 ಏನೂ ಮಾಡಲಾರದು. ಅದರ 5 ವೋಲ್ಟು ಸೆಕೆಂಡಿಗೆ 100 ಸಲ ಕುಸಿಯುತ್ತದೆ. 74LS90ಗೆ ಕನಿಷ್ಠ 4.75 ವೋಲ್ಟು ಬೇಕು. ಅದು ಸಿಗದಾಗ ಎಣಿಕೆ ತಪ್ಪುತ್ತದೆ.

ಹುಡುಗರು ಮಲ್ಟಿಮೀಟರಿನಲ್ಲಿ ನೋಡಿಯೂ ಇದ್ದರು. ಅದು 4.6 ತೋರಿಸಿದಾಗ, ಸ್ವಲ್ಪ ಕಡಿಮೆ ಅಷ್ಟೇ ಎಂದುಕೊಂಡರು. ಮೀಟರು ತೋರಿಸುವುದು ಸರಾಸರಿ ಎಂಬುದು ಅವರಿಗೆ ಹೊಳೆಯಲಿಲ್ಲ. ಕ್ಷಣಕ್ಷಣದ ತಗ್ಗು ಕಾಣಬೇಕಾದರೆ ಆಸಿಲೋಸ್ಕೋಪು ಬೇಕು.

ಹೊಸ ಕೆಪಾಸಿಟರ್ ಹಾಕುವಾಗ ಒಂದು ಎಚ್ಚರಿಕೆ. ಇದರ ಪಕ್ಕೆಯ ಬಿಳಿ ಪಟ್ಟಿ ಋಣ ತುದಿಯನ್ನು ತೋರಿಸುತ್ತದೆ. ಆದರೆ ಈ ಸೇತುವೆಯಲ್ಲಿ ಡಯೋಡಿನ ಉಂಗುರ ಧನ ತಂತಿಯ ಕಡೆಗೆ ಇರುತ್ತದೆ. ಎರಡಕ್ಕೂ ಒಂದೇ ನಿಯಮ ಎಂದುಕೊಂಡು ಕೆಪಾಸಿಟರನ್ನು ತಿರುಗುಮುರುಗಾಗಿ ಹಾಕಿದರೆ ಅದು ಕಾದು ಸಿಡಿಯಬಹುದು. ಪ್ಲಗ್ ತೆಗೆಯದೆ ಬೋರ್ಡನ್ನು ಮುಟ್ಟಲೂ ಬಾರದು.

ಛಾಯಾಚಿತ್ರಕ್ಕೂ ಒಂದು ಮಿತಿಯಿದೆ. ಕೆಪಾಸಿಟರ್ ಉಬ್ಬದೆಯೂ ಒಣಗಬಹುದು; ಕೆಟ್ಟ ಡಯೋಡು ನೋಡಲು ಹೊಸದರಂತೆಯೇ ಇರಬಹುದು. ಅವನ್ನು ಅಳೆದೇ ತಿಳಿಯಬೇಕು. ಈ ಬೋರ್ಡಿಗಂತೂ ಹೊಸ C1 ಹಾಕಿ, ಅದನ್ನು 7805ರಿಂದ ಒಂದು ಬೆರಳಿನಷ್ಟು ದೂರ ನಿಲ್ಲಿಸಿದೆವು. 3 ಆದ ಮೇಲೆ 4 ಬಂತು.