ಬೋನಸ್ ಕೊಟ್ಟರೆ ಲಂಚ ಏರಿತು!

ಕಾನೂನು ಇದೆ, ಇಲಾಖೆ ಇದೆ, ಸಿಬ್ಬಂದಿ ಇದ್ದಾರೆ, ಆದರೂ ಸರ್ಕಾರಕ್ಕೆ ತೆರಿಗೆ ವಸೂಲಿ ಮಾಡೋಕೆ ಆಗಲ್ಲ. ಯಾಕೆ? ಸಂಬಳ ಕಡಿಮೆ, ಅದಕ್ಕೇ ಕೆಲಸ ಮಾಡಲ್ಲ, ಚೆನ್ನಾಗಿ ವಸೂಲಿ ಮಾಡಿದವರಿಗೆ ದುಡ್ಡು ಕೊಡಿ ಅಂತ ಹೇಳೋರು ಬಹಳ ಜನ. ಈ ಮಾತನ್ನ ಒಂದು ಕಡೆ ನಿಜವಾಗಿಯೂ ಪರೀಕ್ಷೆ ಮಾಡಿ ನೋಡಿದ್ದಾರೆ. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ.

ಅಲ್ಲಿ ಊರುಗಳ ಆಸ್ತಿ ತೆರಿಗೆ ವಸೂಲಿಗೆ ಸರ್ಕಲ್‌ಗಳಿವೆ. ಒಂದೊಂದು ಸರ್ಕಲ್‌ಗೆ ಒಬ್ಬ ಇನ್ಸ್‌ಪೆಕ್ಟರ್, ಒಬ್ಬ ಗುಮಾಸ್ತ, ಒಬ್ಬ ಪೇದೆ. ಮನೆ ಎಷ್ಟು ದೊಡ್ಡದು, ಯಾವ ರಸ್ತೆಯಲ್ಲಿದೆ, ಮಾಲೀಕನೇ ಇದ್ದಾನಾ ಅಥವಾ ಬಾಡಿಗೆಗೆ ಕೊಟ್ಟಿದ್ದಾನಾ, ಪ್ರಯೋಗದ ಕಾಲದಲ್ಲಿ ಇದರ ಮೇಲೆ ತೆರಿಗೆ ನಿರ್ಧಾರ ಆಗ್ತಿತ್ತು. ಬಾಡಿಗೆ ಮನೆಗೆ ದರ ಎಷ್ಟೋ ಪಟ್ಟು ಜಾಸ್ತಿ ಇತ್ತು. ನಮ್ಮ ಬೆಂಗಳೂರಿನಲ್ಲೂ 2008ರಲ್ಲಿ ಬಂದ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯ ಎರಡು ಪಟ್ಟು ಇತ್ತು. ಅಂದರೆ ಪುಸ್ತಕದಲ್ಲಿ 'ಬಾಡಿಗೆ' ಅನ್ನೋ ಜಾಗದಲ್ಲಿ 'ಸ್ವಂತ ವಾಸ' ಅಂತ ಬರೆದರೆ ಸಾಕಿತ್ತು, ತೆರಿಗೆ ದಢಕ್ಕನೆ ಇಳೀತಿತ್ತು. ಬರೆಯೋ ಪೆನ್ನು ಇದ್ದದ್ದು ಇನ್ಸ್‌ಪೆಕ್ಟರ್ ಕೈಯಲ್ಲಿ.

2011ರಿಂದ ಎರಡು ವರ್ಷ ಅದ್ನಾನ್ ಖಾನ್, ಆಸಿಮ್ ಖ್ವಾಜಾ, ಬೆಂಜಮಿನ್ ಓಲ್ಕೆನ್ ಎಂಬ ಮೂವರು ಸಂಶೋಧಕರು ಸರ್ಕಾರದ ಜೊತೆ ಸೇರಿ 482 ಸರ್ಕಲ್‌ಗಳಲ್ಲಿ ಪ್ರಯೋಗ ನಡೆಸಿದರು. ಚೀಟಿ ಎತ್ತಿದ ಹಾಗೆ ಕೆಲವು ಸರ್ಕಲ್‌ಗಳನ್ನ ಆರಿಸಿದರು. ಅಲ್ಲಿ ನಿಗದಿತ ಮಟ್ಟಕ್ಕಿಂತ ಹೆಚ್ಚು ವಸೂಲಾದ ಹಣದಲ್ಲಿ ಶೇ. 20ರಿಂದ 40ರಷ್ಟು ಸಿಬ್ಬಂದಿಗೇ ಬೋನಸ್.

ವಸೂಲಿ ಏರಿತಾ? ಏರಿತು. ಬೇರೆ ಸರ್ಕಲ್‌ಗಳಲ್ಲಿ ಆದಾಯ 100 ರೂಪಾಯಿ ಬೆಳೆದರೆ ಇಲ್ಲಿ 146 ರೂಪಾಯಿ ಬೆಳೆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಚಪ್ಪಾಳೆ ಹೊಡೀತಿದ್ದರು. ಆದರೆ ಅವರು ಮನೆ ಮನೆಗೆ ಹೋಗಿ ಕೇಳಿದರು. ಆಗ ಗೊತ್ತಾಗಿದ್ದು ಏನಂದರೆ, ಹೆಚ್ಚುವರಿ ದುಡ್ಡು ಬಂದಿದ್ದು ಕೆಲವೇ ಕೆಲವು ಆಸ್ತಿಗಳಿಂದ. ಅವುಗಳಿಗೆ ಮೊದಲ ಬಾರಿ ನಿಜವಾದ ಮೌಲ್ಯದ ಮೇಲೆ ತೆರಿಗೆ ಬಿದ್ದಿತ್ತು. ಉಳಿದ ಬಹುಪಾಲು ಜನರ ತೆರಿಗೆ ಏರಲೇ ಇಲ್ಲ. ಏರಿದ್ದು ಅವರು ಕೊಡೋ ಲಂಚ!

ಇದು ಹೇಗೆ ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ಕೇವಲ ಉದಾಹರಣೆಗೆ. ಒಂದು ಮನೆಗೆ ಕಾನೂನಿನ ಪ್ರಕಾರ ತೆರಿಗೆ 10,000. ಪುಸ್ತಕದಲ್ಲಿ 2,000. ಮಾಲೀಕನಿಗೆ 8,000 ಉಳಿತಾಯ, ಅದಕ್ಕೆ 1,500 ಲಂಚ. ಈಗ ಶೇ. 30 ಬೋನಸ್ ಬಂತು ಅಂದುಕೊಳ್ಳಿ. ನಿಜವಾದ ತೆರಿಗೆ ಬರೆದರೆ ಸಿಬ್ಬಂದಿಗೆ 8,000ದಲ್ಲಿ 2,400 ಸಿಗುತ್ತೆ, ಅದೂ ಕಾನೂನುಬದ್ಧವಾಗಿ. ಇನ್ನು 1,500ಕ್ಕೆ ಯಾರು ಒಪ್ತಾರೆ? "3,000 ಕೊಡಿ ಸ್ವಾಮಿ, ಇಲ್ಲಾಂದ್ರೆ ಸರಿಯಾಗಿ ಬರೀತೀನಿ" ಅಂತಾರೆ. ಮಾಲೀಕ ಗೊಣಗುತ್ತಾ ಕೊಡ್ತಾನೆ, ಯಾಕಂದ್ರೆ ಅವನಿಗೆ ಈಗಲೂ 5,000 ಲಾಭ. ಮಾತುಕತೆ ಮುರಿದು ಬಿದ್ದ ಕೆಲವು ಕಡೆ ಮಾತ್ರ ಬೊಕ್ಕಸಕ್ಕೆ ಪೂರ್ತಿ ತೆರಿಗೆ. ಸಂಶೋಧಕರ ಅಂಕಿಅಂಶಗಳು ಈ ವಿವರಣೆಗೇ ಹೊಂದುತ್ತವೆ.

ನೋಡಿ, ಇಲ್ಲಿ ಸರ್ಕಾರ ದುರ್ಬಲವಾಗಿರೋದು ಸಿಬ್ಬಂದಿ ಸೋಮಾರಿ ಅನ್ನೋ ಕಾರಣಕ್ಕಲ್ಲ. ಕಟ್ಟೋನು, ಕಟ್ಟಿಸಿಕೊಳ್ಳೋನು ಇಬ್ಬರಿಗೂ ಸುಳ್ಳಿನಲ್ಲೇ ಲಾಭ ಇದೆ. ಸರ್ಕಾರ ಆ ಕೋಣೆಯಲ್ಲಿ ಇಲ್ಲದ ಮೂರನೆಯವನು. ನಿಜ ಏನು ಅಂತ ಅದಕ್ಕೆ ಗೊತ್ತಾಗೋದು ಅದೇ ಇನ್ಸ್‌ಪೆಕ್ಟರ್ ಬರೆದ ಪುಸ್ತಕದಿಂದ.

ಇದೇ ಮೂವರು ಅಲ್ಲೇ ಇನ್ನೊಂದು ದಾರಿಯನ್ನೂ ನೋಡಿದರು. 525 ಇನ್ಸ್‌ಪೆಕ್ಟರ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ ಕೆಲವು ಗುಂಪುಗಳಿಗೆ ನಗದು ಬದಲು ವರ್ಗಾವಣೆಯನ್ನೇ ಬಹುಮಾನ ಮಾಡಿದರು. ಸಾಧನೆಯಲ್ಲಿ ಮೊದಲು ಬಂದವನು ತನಗೆ ಬೇಕಾದ ಜಾಗವನ್ನ ಮೊದಲು ಆರಿಸಿಕೊಳ್ಳಬಹುದು. ಆದಾಯದ ಬೆಳವಣಿಗೆ ಶೇ. 30ರಿಂದ 41ರಷ್ಟು ಹೆಚ್ಚಾಯಿತು. ವರ್ಗಾವಣೆಗೆ ಜನ ಎಷ್ಟು ಹಾತೊರೆಯುತ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಬೊಕ್ಕಸಕ್ಕೆ ಇದು ಅಗ್ಗದ ದಾರಿ. ಆದರೆ ಪೆನ್ನು ಇನ್ನೂ ಅದೇ ಕೈಯಲ್ಲಿದೆ ಅನ್ನೋದನ್ನ ಮರೆಯಬೇಡಿ.

ಹಾಗಾಗಿ ಯಾವುದೇ ಸರ್ಕಾರ 'ದಾಖಲೆ ತೆರಿಗೆ ಸಂಗ್ರಹ' ಅಂತ ಜಾಹೀರಾತು ಕೊಟ್ಟಾಗ ಮೊತ್ತ ನೋಡಿ ಸುಮ್ಮನಾಗಬೇಡಿ. ಎಷ್ಟು ಮನೆಗಳ ಮೌಲ್ಯಮಾಪನ ಬದಲಾಯಿತು ಅಂತ ಕೇಳಿ. ಮೊತ್ತ ಏರಿ, ಮನೆಗಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದರೆ, ಉಳಿದ ಮನೆಗಳ ಬಾಗಿಲಲ್ಲಿ ಏನು ಮಾತುಕತೆ ನಡೀತಿದೆ ಅಂತ ವಿಚಾರಿಸಬೇಕಾದ್ದೇ.